ಚಿತ್ರ ಬಿಡಿಸದೆ ಸ್ಟೋರಿಬೋರ್ಡ್: ಕಿರುಚಿತ್ರದ ಶಾಟ್‌ಗಳನ್ನು ಮಾತಿನಲ್ಲೇ ಬರೆಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ಚಿತ್ರ ಬಿಡಿಸಲು ಬರುವುದಿಲ್ಲ. ಆದರೂ ನಮ್ಮ ಪುಟ್ಟ ತಂಡದ ಕಿರುಚಿತ್ರಗಳಿಗೆ ಸ್ಟೋರಿಬೋರ್ಡ್ ಮಾಡುವವನು ನಾನೇ, ಪೂರ್ತಿ ಬರಹದಲ್ಲಿ. ಈ ಕೆಲಸದ ಬಗ್ಗೆ ಹೊಸಬರು ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಉದಾಹರಣೆಗಳೆಲ್ಲ ಒಂದೇ ಚಿತ್ರದವು. ಅದರ ಕಥೆ ಇಷ್ಟು: ತುಮಕೂರು ಕಡೆಯ ಒಂದು ಹಳ್ಳಿ. ಜಯಮ್ಮ ರಾಗಿ ಬೀಸಿಸಲು ಹಿಟ್ಟಿನ ಗಿರಣಿಗೆ ಬರುತ್ತಾಳೆ. ಗಿರಣಿ ಅವಳ ತಮ್ಮ ಶಿವಣ್ಣನದು. ಜಮೀನು ಪಾಲಾದಾಗಿನಿಂದ, ಅಂದರೆ ಆರು ವರ್ಷದಿಂದ, ಇಬ್ಬರಿಗೂ ಮಾತಿಲ್ಲ. ಗಿರಣಿ ಓಡುತ್ತಿರುವಷ್ಟು ಹೊತ್ತು ಆ ಸದ್ದಿನಲ್ಲಿ ಯಾರೂ ಮಾತಾಡುವಂತಿಲ್ಲ, ಹಾಗಾಗಿ ಇಬ್ಬರಿಗೂ ನೆಮ್ಮದಿ. ಅಷ್ಟರಲ್ಲಿ ಕರೆಂಟ್ ಹೋಗುತ್ತದೆ. ಮೂರು ದೃಶ್ಯ, 23 ಶಾಟ್, ಸುಮಾರು ನಾಲ್ಕು ನಿಮಿಷ.

ಚಿತ್ರವೇ ಇಲ್ಲದ ಮೇಲೆ ಅದನ್ನು ಸ್ಟೋರಿಬೋರ್ಡ್ ಅನ್ನಬಹುದೇ?

ಸ್ಟೋರಿಬೋರ್ಡ್ ಬಳಕೆಗೆ ಬಂದದ್ದು 1930ರ ದಶಕದ ಮೊದಲ ವರ್ಷಗಳಲ್ಲಿ, ಡಿಸ್ನಿ ಸ್ಟುಡಿಯೋದ ಆನಿಮೇಷನ್ ಕೆಲಸದಲ್ಲಿ. ಅಲ್ಲಿ ಪ್ರತಿಯೊಂದನ್ನೂ ಹೇಗೂ ಕೈಯಲ್ಲಿ ಬಿಡಿಸಲೇಬೇಕಿತ್ತು, ಆದ್ದರಿಂದ ಯೋಜನೆಯೂ ಚಿತ್ರದಲ್ಲೇ ಆಯಿತು. ನಮ್ಮದು ನಿಜವಾದ ಜಾಗ, ನಿಜವಾದ ಮನುಷ್ಯರು. ನಮಗೆ ಬೇಕಿರುವುದು ಮೊದಲೇ ಮಾಡಿಕೊಂಡ ತೀರ್ಮಾನಗಳು: ಕ್ಯಾಮೆರಾ ಎಲ್ಲಿ, ಎಷ್ಟು ಹತ್ತಿರ, ಫ್ರೇಮಿನಲ್ಲಿ ಏನು, ಯಾವಾಗ ಕಟ್. ಇದೆಲ್ಲ ಮಾತಿನಲ್ಲಿ ಹಿಡಿಯುವಂಥದ್ದೇ.

ಇದು ಚಿತ್ರಕಥೆ ಅಲ್ಲ. ಚಿತ್ರಕಥೆಯಲ್ಲಿ "ಕರೆಂಟ್ ಹೋಗುತ್ತದೆ, ಇಬ್ಬರೂ ಸುಮ್ಮನೆ ನಿಲ್ಲುತ್ತಾರೆ" ಅಂತ ಒಂದು ಸಾಲು ಇದ್ದರೆ ಸಾಕು. ಶಾಟ್ ಲಿಸ್ಟ್ ಕೂಡ ಅಲ್ಲ. ಅದರಲ್ಲಿ "ಜಯಮ್ಮ, ಮಿಡ್ ಶಾಟ್" ಅಂತಷ್ಟೇ ಇರುತ್ತದೆ. ನಮ್ಮ ಕಡೆ ಶಾಟ್ ಡಿವಿಷನ್ ಅನ್ನುವುದನ್ನೇ ಇನ್ನಷ್ಟು ಬಿಡಿಸಿ, ಓದಿದವನ ಕಣ್ಣ ಮುಂದೆ ಚಿತ್ರ ಓಡುವಂತೆ ಬರೆದರೆ ಬರಹದ ಸ್ಟೋರಿಬೋರ್ಡ್ ಆಗುತ್ತದೆ.

ಒಂದು ಶಾಟ್‌ನ ವಿವರಣೆಯಲ್ಲಿ ಏನೇನು ಇರಬೇಕು?

ಮೊದಲು ತಪ್ಪು ಬರಹವನ್ನೇ ನೋಡಿ. ನಮ್ಮ ಮೊದಲ ಕರಡಿನಲ್ಲಿ ಹೀಗಿತ್ತು:

"ಜಯಮ್ಮನಿಗೆ ಹಳೆಯದೆಲ್ಲ ನೆನಪಾಗಿ ಸಂಕಟವಾಗುತ್ತದೆ. ಮಿಡ್ ಶಾಟ್."

ಇದನ್ನು ಕ್ಯಾಮೆರಾಮನ್ ಕೈಗೆ ಕೊಟ್ಟರೆ ಅವನು ಟ್ರೈಪಾಡ್ ಎಲ್ಲಿಡಬೇಕು? ಅವಳು ಕೂತಿದ್ದಾಳೋ ನಿಂತಿದ್ದಾಳೋ, ಯಾವ ಕಡೆ ನೋಡುತ್ತಿದ್ದಾಳೆ, ಬೆಳಕು ಎಲ್ಲಿಂದ ಬರುತ್ತಿದೆ, ಒಂದೂ ಇಲ್ಲ. ಸಂಕಟ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಅದೇ ಶಾಟನ್ನು ಆಮೇಲೆ ಹೀಗೆ ಬರೆದೆವು:

"ಮಿಡ್ ಶಾಟ್, ಸೊಂಟದಿಂದ ಮೇಲೆ. ಕ್ಯಾಮೆರಾ ಕೂತವರ ಕಣ್ಣಿನ ಮಟ್ಟದಲ್ಲಿ. ಜಯಮ್ಮ ಬೆಂಚಿನ ಮೇಲೆ, ಫ್ರೇಮಿನ ಬಲಗಡೆ. ಬಾಗಿಲಿನ ಬೆಳಕು ಅವಳ ಒಂದು ಕೆನ್ನೆಗೆ ಮಾತ್ರ. ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದ ಕೈ ಅರ್ಧಕ್ಕೆ ನಿಲ್ಲುತ್ತದೆ. ಫ್ರೇಮಿನ ಎಡಕ್ಕೆ ನೋಡುತ್ತಾಳೆ. ಕೈ ಮೆಲ್ಲಗೆ ಮಡಿಲಿಗೆ ಇಳಿದ ಮೇಲೆ ಕಟ್. 4 ಸೆಕೆಂಡ್."

ಎಷ್ಟು ಹತ್ತಿರ, ಯಾವ ಎತ್ತರ, ಫ್ರೇಮಿನಲ್ಲಿ ಯಾರು ಎಲ್ಲಿ, ಏನು ಬದಲಾಗುತ್ತದೆ, ಯಾವುದರ ಮೇಲೆ ಮುಗಿಯುತ್ತದೆ. ಇಷ್ಟಿದ್ದರೆ ಶಾಟ್ ತಯಾರು. ಇವುಗಳಲ್ಲಿ ಹೊಸಬರು ಸಾಮಾನ್ಯವಾಗಿ ಬಿಡುವುದು ಕೊನೆಯದನ್ನು. ಶಾಟ್ ಹೇಗೆ ಶುರುವಾಗುತ್ತದೆ ಅಂತ ಎಲ್ಲರೂ ಬರೆಯುತ್ತಾರೆ, ಯಾವುದರ ಮೇಲೆ ಮುಗಿಯುತ್ತದೆ ಅಂತ ಬರೆಯುವುದಿಲ್ಲ. ಕೊನೆ ಬರೆಯದ ಶಾಟಿಗೆ ಸೆಟ್‌ನಲ್ಲಿ ನಿರ್ದೇಶಕ ಯಾವಾಗ ಕಟ್ ಹೇಳಬೇಕೆಂದು ತಿಳಿಯದೆ ಬೇಗ ಹೇಳಿಬಿಡುತ್ತಾನೆ, ಎಡಿಟಿಂಗಿನಲ್ಲಿ ಮುಂದಿನ ಶಾಟಿಗೆ ಅಂಟಿಸಲು ತುದಿಯೇ ಸಿಗುವುದಿಲ್ಲ.

ಹಾಗಾದರೆ ಭಾವನೆಯನ್ನು ಬರೆಯಲೇಬಾರದೇ?

ಬರೆಯಿರಿ, ಆದರೆ ದೃಶ್ಯದ ತಲೆಯಲ್ಲಿ ಒಂದೇ ಸಲ. ನಮ್ಮ ಎರಡನೇ ದೃಶ್ಯದ ಮೇಲೆ "ಯಾರು ಮೊದಲು ಮಾತಾಡುತ್ತಾರೆ ಅನ್ನುವುದೇ ಈ ದೃಶ್ಯ" ಅಂತ ಬರೆದಿದ್ದೆ. ನಟರಿಗೂ ಕ್ಯಾಮೆರಾಮನ್‌ಗೂ ಅಷ್ಟು ಸಾಕಾಯಿತು. ಶಾಟ್‌ಗಳ ಒಳಗೆ ಕೈ, ಕಣ್ಣು, ಸೆರಗು, ಹಿಟ್ಟು ಮಾತ್ರ.

ಒಂದು ದೃಶ್ಯವನ್ನು ಪೂರ್ತಿ ತೋರಿಸುತ್ತೀರಾ?

ಎರಡನೇ ದೃಶ್ಯ ಇದು. ಶಾಟ್‌ಗಳಿಗಿಂತ ಮೊದಲು ಜಾಗದ ವಿವರ ಬರುತ್ತದೆ. ಅದನ್ನು ಬಿಟ್ಟರೆ ಕೆಳಗಿನ ಯಾವ ಸಾಲಿಗೂ ಅರ್ಥವಿಲ್ಲ.

ಜಾಗ: ಉದ್ದನೆಯ ಒಂದೇ ಕೋಣೆ. ರಸ್ತೆಯ ಬಾಗಿಲಲ್ಲಿ ನಿಂತು ಒಳಗೆ ನೋಡಿದರೆ ಎದುರಿನ ತುದಿಯಲ್ಲಿ ಗಿರಣಿಯ ಯಂತ್ರ, ಅದರ ಹಿಂದಿನ ಗೋಡೆಯಲ್ಲಿ ಮೋಟಾರಿನ ಸ್ಟಾರ್ಟರ್. ಬಾಗಿಲ ಹತ್ತಿರ ಬಲಗೋಡೆಗೆ ಒಂದು ಬೆಂಚು. ಜಯಮ್ಮ ಬೆಂಚಿನ ಮೇಲೆ, ಶಿವಣ್ಣ ಯಂತ್ರದ ಪಕ್ಕ. ನಡುವೆ ಹತ್ತಡಿ ಖಾಲಿ ನೆಲ. ದೃಶ್ಯ ಪೂರ್ತಿ ಕ್ಯಾಮೆರಾ ಎಡಗೋಡೆಯ ಕಡೆಯೇ ಇರುತ್ತದೆ. ಹಾಗಾಗಿ ಫ್ರೇಮಿನಲ್ಲಿ ಶಿವಣ್ಣ ಯಾವಾಗಲೂ ಎಡಕ್ಕೆ, ಜಯಮ್ಮ ಯಾವಾಗಲೂ ಬಲಕ್ಕೆ.

2-1. ತೀರಾ ಕ್ಲೋಸಪ್. ಓಡುತ್ತಿರುವ ಬೆಲ್ಟ್, ಫ್ರೇಮಿನ ತುಂಬ. ಮೊದಲ ಸೆಕೆಂಡಿನಲ್ಲೇ ಬಲ್ಬಿನ ಹಳದಿ ಬೆಳಕು ಆರಿ, ಬಾಗಿಲಿನ ಮಂಕು ಬೆಳಕು ಉಳಿಯುತ್ತದೆ. ಬೆಲ್ಟ್ ನಿಧಾನವಾಗುತ್ತ, ಅದರ ಜೋಡಣೆ ಕಣ್ಣಿಗೆ ಸಿಗುತ್ತದೆ, ಮತ್ತೆ ಬರುತ್ತದೆ, ಮತ್ತೆ. ಜೋಡಣೆ ಫ್ರೇಮಿನ ಕೆಳಗೆ ಬಂದು ನಿಂತಾಗ ಕಟ್. ಸದ್ದು: ಭೋರೆಂದು ಇದ್ದದ್ದು ಟಪ್, ಟಪ್ ಎಂದು ಇಳಿದು ನಿಲ್ಲುತ್ತದೆ. 10 ಸೆಕೆಂಡ್.

2-2. ಜಯಮ್ಮನ ಮಿಡ್ ಶಾಟ್ (ಮೇಲೆ ಕೊಟ್ಟದ್ದು). 4 ಸೆಕೆಂಡ್.

2-3. ಶಿವಣ್ಣ, ಮಂಡಿಯಿಂದ ಮೇಲೆ, ಫ್ರೇಮಿನ ಎಡಗಡೆ. ಬೆನ್ನು ನಮ್ಮ ಕಡೆ. ಕಾಳು ಸುರಿಯುವ ತಗಡಿನ ಮೇಲೆ ಅವನ ಕೈ ಇದೆ. ತಿರುಗುವುದಿಲ್ಲ. ಬೆರಳು ತಗಡನ್ನು ಎರಡು ಸಲ ತಟ್ಟಿ ಸುಮ್ಮನಾದ ಮೇಲೆ ಕಟ್. 5 ಸೆಕೆಂಡ್.

2-4. ವೈಡ್. ಕ್ಯಾಮೆರಾ ಎಡಗೋಡೆಗೆ ಒತ್ತಿಕೊಂಡು, ಸೊಂಟದ ಎತ್ತರ, ಅಲುಗಾಡುವುದಿಲ್ಲ. ಎಡ ಅಂಚಿನಲ್ಲಿ ಶಿವಣ್ಣ, ಬಲ ಅಂಚಿನಲ್ಲಿ ಜಯಮ್ಮ. ನಡುವಿನ ಖಾಲಿ ಜಾಗಕ್ಕೆ ಬಾಗಿಲಿನಿಂದ ಬಿಸಿಲ ಪಟ್ಟಿ. ಆ ಬಿಸಿಲಿನಲ್ಲಿ ಹಿಟ್ಟಿನ ಧೂಳು ನಿಧಾನವಾಗಿ ಕೆಳಗಿಳಿಯುತ್ತದೆ. ಇಬ್ಬರೂ ಅಲ್ಲಾಡುವುದಿಲ್ಲ. ಸದ್ದು: ದೂರದಲ್ಲಿ ಕೋಳಿ. 12 ಸೆಕೆಂಡ್.

2-5. ಕ್ಲೋಸಪ್. ಹಿಟ್ಟು ಇಳಿಯುವ ಬಟ್ಟೆಯ ಕೊಳವೆ, ಕೆಳಗೆ ಜಯಮ್ಮನ ಡಬ್ಬ. ಕೊನೆಯ ಚಿಟಿಕೆ ಹಿಟ್ಟು ಬಿದ್ದಾಗ ಕಟ್. 3 ಸೆಕೆಂಡ್.

2-6. ಜಯಮ್ಮನ ಭುಜದ ಮೇಲಿನಿಂದ ಸಜೆಷನ್ ಶಾಟ್, ಎದುರಿಗೆ ಶಿವಣ್ಣ. ತಿರುಗುತ್ತಾನೆ, ಆದರೆ ನೋಡುವುದು ಡಬ್ಬವನ್ನು. "ಒಂದು ಗಂಟೆ ಬರಲ್ಲ ಅನ್ಸುತ್ತೆ ಕರೆಂಟು." 7 ಸೆಕೆಂಡ್.

2-7. ಜಯಮ್ಮ, ಕ್ಲೋಸಪ್, ಎಡಕ್ಕೆ ನೋಟ. "ಕಾಯ್ತೀನಿ ಬಿಡು." ಹೇಳಿ ಬಾಗಿಲ ಕಡೆ ಮುಖ ತಿರುಗಿಸಿದಾಗ ಕಟ್. 5 ಸೆಕೆಂಡ್.

ಒಟ್ಟು 46 ಸೆಕೆಂಡ್. ಇದರಲ್ಲಿ ಇಬ್ಬರೂ ಒಂದೇ ಫ್ರೇಮಿನಲ್ಲಿ ಕಾಣುವುದು ಎರಡೇ ಸಲ, 2-4ರಲ್ಲಿ ಮತ್ತು 2-6ರಲ್ಲಿ. ಅದು ಬೇಕೆಂದೇ ಮಾಡಿದ್ದು. ಇಬ್ಬರನ್ನೂ ಬಿಡಿಬಿಡಿಯಾಗಿ ತೋರಿಸಿದ ಮೇಲೆ ವೈಡ್ ಬಂದರೆ ನಡುವಿನ ಹತ್ತಡಿ ನೆಲ ಆರು ವರ್ಷದಷ್ಟು ಅಗಲ ಕಾಣುತ್ತದೆ. ದೃಶ್ಯವನ್ನು ವೈಡ್‌ನಿಂದಲೇ ಶುರು ಮಾಡಿದ್ದರೆ ಅದು ಬರೀ ಒಂದು ಗಿರಣಿ.

ಎಡ, ಬಲ ಅಂದರೆ ಯಾರ ಎಡ, ಯಾರ ಬಲ?

ಯಾವಾಗಲೂ ಫ್ರೇಮಿನದು, ಅಂದರೆ ಪರದೆ ನೋಡುವವರದು. ಪ್ರತಿ ಸಲ "ಫ್ರೇಮಿನ ಎಡ" ಅಂತ ಪೂರ್ತಿ ಬರೆಯಿರಿ, ಸಾಲು ಉದ್ದವಾದರೂ ಚಿಂತೆಯಿಲ್ಲ.

ಇದನ್ನು ನಾನು ಕಲಿತದ್ದು ನೋವು ತಿಂದು. ನಮ್ಮ ಮೊದಲ ಚಿತ್ರದಲ್ಲಿ ಗಂಡ ಹೆಂಡತಿ ಊಟದ ಮೇಜಿನ ಎದುರುಬದುರು ಕೂತು ಜಗಳವಾಡುವ ದೃಶ್ಯವಿತ್ತು. "ಅವಳು ಎಡಕ್ಕೆ ನೋಡುತ್ತಾಳೆ" ಅಂತ ಬರೆದಿದ್ದೆ. ನನ್ನ ಮನಸ್ಸಿನಲ್ಲಿದ್ದದ್ದು ಫ್ರೇಮಿನ ಎಡ. ನಟಿ ತನ್ನ ಎಡಕ್ಕೆ ನೋಡಿದಳು, ಫ್ರೇಮಿನಲ್ಲಿ ಅದು ಬಲವಾಯಿತು. ಗಂಡನ ಶಾಟ್ ಹಿಂದಿನ ದಿನವೇ ಮುಗಿದಿತ್ತು, ಅವನೂ ಬಲಕ್ಕೇ ನೋಡುತ್ತಿದ್ದ. ಎರಡನ್ನೂ ಜೋಡಿಸಿದಾಗ ಇಬ್ಬರೂ ಒಬ್ಬರನ್ನೊಬ್ಬರು ಬೈಯುತ್ತಿಲ್ಲ, ಪಕ್ಕದಲ್ಲಿರುವ ಮೂರನೆಯವರ ಮೇಲೆ ಕೂಗಾಡುತ್ತಿದ್ದಾರೆ ಅನ್ನಿಸಿತು. ಮನೆಯನ್ನು ಆಗಲೇ ಖಾಲಿ ಮಾಡಿ ಕೊಟ್ಟಿದ್ದೆವು. ದೃಶ್ಯದ ಅರ್ಧಭಾಗ ಕೈಬಿಡಬೇಕಾಯಿತು. ಆ ನಟಿ ತುಂಬ ಚೆನ್ನಾಗಿ ಮಾಡಿದ್ದಳು, ಅವಳ ಆ ಕೆಲಸ ಯಾರಿಗೂ ಕಾಣಲಿಲ್ಲ ಅನ್ನುವುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಅದಕ್ಕೇ ಜಾಗದ ವಿವರದಲ್ಲಿ ಕ್ಯಾಮೆರಾ ಯಾವ ಕಡೆ ಇರಬೇಕೆಂದು ಒಂದು ಸಾಲು ಬರೆಯುವುದು. ಇಬ್ಬರ ನಡುವೆ ಒಂದು ಗೆರೆ ಎಳೆದಂತೆ ಅಂದುಕೊಳ್ಳಿ. ಸೆಟ್‌ಗಳಲ್ಲಿ ಇದನ್ನು ಇಮ್ಯಾಜಿನರಿ ಲೈನ್ ಅನ್ನುತ್ತಾರೆ. ಕ್ಯಾಮೆರಾ ಆ ಗೆರೆಯ ಒಂದೇ ಪಕ್ಕದಲ್ಲಿದ್ದರೆ ನೋಟಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ತಪ್ಪಿದೆಯೇ ಅಂತ ಕಾಗದದ ಮೇಲೇ ಕಂಡುಹಿಡಿಯಬಹುದು: ಒಂದು ದೃಶ್ಯದ ಎಲ್ಲ ಶಾಟ್‌ಗಳಲ್ಲಿ ಒಬ್ಬ ಪಾತ್ರದ ನೋಟದ ದಿಕ್ಕಿಗೆ ಪೆನ್ನಿನಿಂದ ಸುತ್ತು ಹಾಕಿ. ನಡುವೆ ಒಂದು ಕಡೆ ಕಾರಣವಿಲ್ಲದೆ ದಿಕ್ಕು ಬದಲಾದರೆ ಅಲ್ಲಿದೆ ತಪ್ಪು.

ಸೆಕೆಂಡ್‌ಗಳನ್ನು ಹೇಗೆ ಲೆಕ್ಕ ಹಾಕುತ್ತೀರಿ?

ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಕಣ್ಣು ಮುಚ್ಚಿ ಕೂತು, ಶಾಟನ್ನು ಮನಸ್ಸಿನಲ್ಲಿ ಓಡಿಸುತ್ತೇನೆ. ಮಾತಿದ್ದರೆ ಜೋರಾಗಿ ಹೇಳುತ್ತೇನೆ. ಕೈಯ ಕೆಲಸವಿದ್ದರೆ ಕೈಯಲ್ಲಿ ಮಾಡಿಯೇ ನೋಡುತ್ತೇನೆ. ಮಾತಿಲ್ಲದ ಶಾಟ್ ಮನಸ್ಸಿನಲ್ಲಿ ಯಾವಾಗಲೂ ಬೇಗ ಮುಗಿಯುತ್ತದೆ, ಆದ್ದರಿಂದ ಅವನ್ನು ಎರಡು ಮೂರು ಸಲ ಓಡಿಸುವುದು ಒಳ್ಳೆಯದು.

ಯಂತ್ರಗಳ ವಿಷಯದಲ್ಲಿ ಮಾತ್ರ ಊಹೆ ಮಾಡಬೇಡಿ, ಹೋಗಿ ನೋಡಿ. ನಮ್ಮ ಮೊದಲ ಕರಡಿನಲ್ಲಿ 2-1 ಎರಡೇ ಸೆಕೆಂಡ್ ಇತ್ತು: ಕರೆಂಟ್ ಹೋಯಿತು, ನಿಶ್ಶಬ್ದ. ಜಾಗ ನೋಡಲು ಗಿರಣಿಗೆ ಹೋದಾಗ ಸ್ವಿಚ್ ಆರಿಸಿ ತೋರಿಸಿ ಅಂತ ಕೇಳಿದೆವು. ಅಷ್ಟು ಭಾರದ ಕಲ್ಲು ಸುತ್ತುತ್ತಿರುವಾಗ ತಟ್ಟನೆ ಎಲ್ಲಿ ನಿಲ್ಲುತ್ತದೆ? ಅದು ಸುಸ್ತಾದಂತೆ ತಿರುಗುತ್ತ ನಿಲ್ಲಲು ಹತ್ತು ಸೆಕೆಂಡ್ ತೆಗೆದುಕೊಂಡಿತು. ಆ ಹತ್ತು ಸೆಕೆಂಡ್ ನಾವು ಬರೆದ ಎರಡಕ್ಕಿಂತ ಎಷ್ಟೋ ಚೆನ್ನಾಗಿತ್ತು. ಮೌನ ಮೆಟ್ಟಿಲಿಳಿದು ಬಂದ ಹಾಗೆ ಇತ್ತು. ಶಾಟನ್ನು ಅದಕ್ಕೇ ಬಿಟ್ಟುಕೊಟ್ಟೆವು.

ಕ್ಯಾಮೆರಾ ಚಲನೆಯನ್ನು ಬರೆಯುವುದು ಹೇಗೆ?

ಚಲನೆಯ ಮೊದಲ ಫ್ರೇಮ್, ಕೊನೆಯ ಫ್ರೇಮ್, ಯಾವುದರಿಂದಾಗಿ ಕ್ಯಾಮೆರಾ ಹೊರಳುತ್ತದೆ ಅನ್ನುವುದು. "ಕ್ಯಾಮೆರಾ ಸುಂದರವಾಗಿ ಚಲಿಸುತ್ತದೆ" ಅಂತ ಬರೆದರೆ ಏನೂ ಬರೆದಂತಾಗಲಿಲ್ಲ. ಮೊದಲ ದೃಶ್ಯದಲ್ಲಿ ಜಯಮ್ಮ ಡಬ್ಬ ಹೊತ್ತು ಒಳಗೆ ಬರುವ ಶಾಟ್ ಹೀಗಿದೆ: "ಬಾಗಿಲಿನ ಮೇಲೆ ಶುರು. ಅವಳು ಒಳಗೆ ಕಾಲಿಟ್ಟಾಗ ಪ್ಯಾನ್ ಶುರು, ಡಬ್ಬದ ಜೊತೆಗೇ. ಡಬ್ಬ ಸಾಲಿನಲ್ಲಿ ಕೊನೆಯದಾಗಿ ಕೂತಾಗ ಕ್ಯಾಮೆರಾ ನಿಲ್ಲುತ್ತದೆ, ಅವಳು ಫ್ರೇಮಿನಿಂದ ಆಚೆ ಹೋಗುತ್ತಾಳೆ."

ಸದ್ದನ್ನೂ ಬರೆಯಬೇಕೇ?

ನಮ್ಮ ಚಿತ್ರದ ಕಥೆಯೇ ಸದ್ದು, ಆದ್ದರಿಂದ ಪ್ರತಿ ಶಾಟಿಗೂ ಬರೆದೆವು. ಸಾಮಾನ್ಯವಾಗಿ ಫ್ರೇಮಿನಲ್ಲಿ ಕಾಣದೆ ಕೇಳಿಸುವ ಸದ್ದು ಮತ್ತು ಸದ್ದು ಬದಲಾಗುವ ಜಾಗ, ಇವೆರಡನ್ನು ಬರೆದರೆ ಸಾಕು. ಇದರಿಂದ ಒಂದು ನೇರ ಪ್ರಯೋಜನವಿದೆ. ಹಾಳೆ ನೋಡಿದ ಕೂಡಲೇ ಧ್ವನಿಗ್ರಹಣ ಮಾಡುವವರು, ಮಾತಿರುವ ಶಾಟ್‌ಗಳೆಲ್ಲ ಗಿರಣಿ ನಿಂತಿರುವಾಗಿನವು, ಹಾಗಾಗಿ ಸಿಂಕ್ ಸೌಂಡ್ ಸಾಕು, ಡಬ್ಬಿಂಗ್ ಬೇಡ ಅಂದರು. ಜೊತೆಗೆ ಖಾಲಿ ಗಿರಣಿಯ ಮೌನವನ್ನೂ ಒಂದು ನಿಮಿಷ ಬೇರೆಯಾಗಿ ರೆಕಾರ್ಡ್ ಮಾಡಿಕೊಂಡರು. 2-4ರ ಹನ್ನೆರಡು ಸೆಕೆಂಡಿಗೆ ಅದೇ ತಳ.

ಚಿತ್ರೀಕರಣ ಈ ಕ್ರಮದಲ್ಲೇ ನಡೆಯುತ್ತದೆಯೇ?

ಇಲ್ಲ. ಬಾಗಿಲಿನಿಂದ ಆ ಬಿಸಿಲ ಪಟ್ಟಿ ಬೀಳುತ್ತಿದ್ದದ್ದು ಬೆಳಿಗ್ಗೆ ಮಾತ್ರ, ಹಾಗಾಗಿ ಮೊದಲು ತೆಗೆದದ್ದು 2-4. ಕ್ರಮ ಬದಲಾದರೂ ನಂಬರ್ ಬದಲಾಗಬಾರದು, ಕ್ಲಾಪ್ ಮೇಲೆ ಬರೆಯುವುದೂ ಅದನ್ನೇ. ಸೆಟ್‌ನಲ್ಲಿ ಹೊಸ ಶಾಟ್ ಸೇರಿದರೆ ಅದು 2-4ಎ.

ಹೀಗೆ ಹಿಂದೆ ಮುಂದೆ ತೆಗೆಯುವಾಗ ಕಂಟಿನ್ಯೂಟಿ ತಪ್ಪುತ್ತದೆ. ಗಿರಣಿಯಲ್ಲಿ ಕೂತವರ ತಲೆಗೂದಲ ಮೇಲೆ ಹೊತ್ತು ಹೋದಂತೆ ಹಿಟ್ಟು ಕೂರುತ್ತದೆ. ಅದಕ್ಕಾಗಿ ಪ್ರತಿ ಶಾಟಿನ ಕೊನೆಗೆ "ಹಿಟ್ಟು 0", "ಹಿಟ್ಟು 1", "ಹಿಟ್ಟು 2" ಅಂತ ಗುರುತು ಹಾಕಿದ್ದೆವು. ಸೊನ್ನೆ ಅಂದರೆ ಒಳಗೆ ಬಂದಾಗಿನ ಎಣ್ಣೆ ಹಚ್ಚಿ ಬಾಚಿದ ಕೂದಲು, ಒಂದು ಅಂದರೆ ಬೈತಲೆಯಲ್ಲಿ ಮಾತ್ರ, ಎರಡು ಅಂದರೆ ಹುಬ್ಬಿನ ಮೇಲೂ. ಮೇಕಪ್ ಮಾಡುವವರಿಗೆ ಇಷ್ಟರಲ್ಲೇ ಎಲ್ಲ ತಿಳಿಯಿತು.

ಫ್ರೇಮ್ ರೇಟ್, ಶಟರ್ ಇವೂ ಇಲ್ಲಿ ಬರಬೇಕೇ?

ಪ್ರತಿ ಶಾಟಿಗೂ ಬೇಡ, ಮೊದಲ ಪುಟದಲ್ಲಿ ಒಂದು ಸಾಲು ಸಾಕು. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್. ಟ್ಯೂಬ್‌ಲೈಟ್ ಅಥವಾ ಅಗ್ಗದ ಎಲ್ಇಡಿ ಬಲ್ಬಿನ ಕೆಳಗೆ ಶಟರ್ 1/50 ಅಥವಾ 1/100 ಇಟ್ಟರೆ ಚಿತ್ರ ಸಾಮಾನ್ಯವಾಗಿ ನಿಶ್ಚಲ. ಮೊಬೈಲನ್ನು 1/60ಕ್ಕೆ ಬಿಟ್ಟರೆ ಗೋಡೆಯ ಮೇಲೆ ಪಟ್ಟೆಗಳು ತೇಲುತ್ತವೆ.

ಬರಹ ಸಾಲದ ಜಾಗ ಯಾವುದು?

ಹೊಡೆದಾಟ, ನಾಲ್ಕೈದು ಜನ ಒಬ್ಬರನ್ನೊಬ್ಬರು ದಾಟಿ ಓಡಾಡುವ ದೃಶ್ಯ, ಆಮೇಲೆ ಕಂಪ್ಯೂಟರಿನಲ್ಲಿ ಏನನ್ನಾದರೂ ಸೇರಿಸಬೇಕಾದ ಶಾಟ್. ಇಂಥವನ್ನು ಬರೆದಷ್ಟೂ ಗೊಂದಲ. ಒಂದು ಶಾಟಿಗೆ ಎಂಟು ಸಾಲು ಮೀರಿದರೆ ನಾನು ಎರಡರಲ್ಲಿ ಒಂದು ಅಂದುಕೊಳ್ಳುತ್ತೇನೆ: ಅದು ಎರಡು ಶಾಟ್ ಆಗಬೇಕು, ಇಲ್ಲವೇ ಜಾಗಕ್ಕೇ ಹೋಗಿ ಗೆಳೆಯರನ್ನು ನಿಲ್ಲಿಸಿ ಮೊಬೈಲಿನಲ್ಲಿ ತೆಗೆದು ನೋಡಬೇಕು.

ಇಷ್ಟು ಬಿಡಿಸಿ ಬರೆದರೆ ಕಥೆಗೆ ಏನಾದರೂ ಲಾಭವಿದೆಯೇ, ಅಥವಾ ಇದು ಬರೀ ಸೆಟ್‌ನ ಅನುಕೂಲಕ್ಕೇ?

ನಮ್ಮ ಚಿತ್ರದ ಕೊನೆ ಸರಿಹೋದದ್ದೇ ಇದರಿಂದ. ಚಿತ್ರಕಥೆಯಲ್ಲಿ ಹೀಗಿತ್ತು: ಶಿವಣ್ಣ ಕೊನೆಗೂ ಅಕ್ಕನನ್ನು ಅಮ್ಮನ ಬಗ್ಗೆ ಕೇಳುತ್ತಾನೆ. ಅವಳು ಬಾಯಿ ತೆರೆಯುತ್ತಾಳೆ. ಅಷ್ಟರಲ್ಲಿ ಕರೆಂಟ್ ಬಂದು ಗಿರಣಿ ಶುರುವಾಗಿ ಅವಳ ಮಾತು ಸದ್ದಿನಲ್ಲಿ ಮುಳುಗುತ್ತದೆ. ಓದಿದವರಿಗೆಲ್ಲ ಇಷ್ಟವಾಗಿತ್ತು.

ಶಾಟ್ ಬರೆಯಲು ಕೂತಾಗ "ಗಿರಣಿ ಮತ್ತೆ ಶುರು" ಅನ್ನುವ ಸಾಲಿನಲ್ಲಿ ಪೆನ್ನು ನಿಂತಿತು. ಕ್ಯಾಮೆರಾ ಯಾವುದರ ಮೇಲಿರಬೇಕು? ಬಲ್ಬ್ ಮೇಲೋ, ಬೆಲ್ಟ್ ಮೇಲೋ? ಮೊದಲು ಅಲುಗಾಡುವುದು ಏನು? ಗೊತ್ತಿಲ್ಲದೆ ಗಿರಣಿಯವರನ್ನೇ ಕೇಳಿದೆ. ಕರೆಂಟ್ ಬಂದ ಮಾತ್ರಕ್ಕೆ ಮೋಟಾರ್ ಓಡುವುದಿಲ್ಲ, ಕರೆಂಟ್ ಹೋದಾಗಲೇ ಸ್ಟಾರ್ಟರ್ ಬಿಟ್ಟುಕೊಂಡಿರುತ್ತದೆ, ಮತ್ತೆ ಹಸಿರು ಗುಂಡಿ ಒತ್ತಬೇಕು ಅಂದರು. ಅಂದರೆ ಅಕ್ಕನ ಮಾತು ಮುಳುಗಬೇಕಾದರೆ ತಮ್ಮನೇ ಎದ್ದು ಹೋಗಿ ಗುಂಡಿ ಒತ್ತಬೇಕು. ಅಮ್ಮನ ಬಗ್ಗೆ ಅವನೇ ಕೇಳಿ, ಉತ್ತರ ಬರುವ ಹೊತ್ತಿಗೆ ಗಿರಣಿ ಹಾಕುತ್ತಾನೆಯೇ? ಹಾಕುವುದಿಲ್ಲ. ಕಥೆಯ ಕೊನೆ ನಮ್ಮ ಕೈಯಲ್ಲೇ ತಿರುಗಿಹೋಯಿತು. ಈಗಿರುವ ಕೊನೆಯ ಮೂರು ಶಾಟ್‌ಗಳು ಇವು:

3-5. ಶಿವಣ್ಣ, ಮಿಡ್ ಶಾಟ್, ಫ್ರೇಮಿನ ಎಡಗಡೆ, ಬಲಕ್ಕೆ ನೋಟ. "ಅಮ್ಮನ ಕಾಲುನೋವು ಹೆಂಗೈತಕ್ಕ?" ಮಾತು ಮುಗಿಯುವಾಗ ಅವನ ಮುಖದ ಮೇಲೆ ಹಳದಿ ಬೆಳಕು ಬೀಳುತ್ತದೆ. ಕಣ್ಣೆತ್ತಿ ಬಲ್ಬ್ ನೋಡುತ್ತಾನೆ, ಬಲ್ಬ್ ನಮಗೆ ಕಾಣುವುದಿಲ್ಲ. ಹಿಂದಿನ ಗೋಡೆಯ ಕಡೆ ತಿರುಗಿದಾಗ ಕಟ್. ಹಿಟ್ಟು 2. 8 ಸೆಕೆಂಡ್.

3-6. ಕ್ಲೋಸಪ್. ಸ್ಟಾರ್ಟರ್, ಹಿಟ್ಟು ಮೆತ್ತಿದ ಹಸಿರು ಗುಂಡಿ. ಶಿವಣ್ಣನ ಹೆಬ್ಬೆರಳು ಬಂದು ಗುಂಡಿಯ ಮೇಲೆ ಕೂರುತ್ತದೆ. ಒತ್ತುವುದಿಲ್ಲ. ಫ್ರೇಮಿನ ಆಚೆಯಿಂದ ಜಯಮ್ಮನ ಧ್ವನಿ: "ಮೆಟ್ಲು ಹತ್ತಕ್ಕಾಗಲ್ಲ." ಹೆಬ್ಬೆರಳು ಹಾಗೇ ಇರುತ್ತದೆ. "ನಿನ್ನನ್ನ ಕೇಳ್ತಿರ್ತಾಳೆ." ಹೆಬ್ಬೆರಳು ಗುಂಡಿ ಬಿಟ್ಟು ಮೇಲೇಳುತ್ತದೆ, ಗುಂಡಿಯ ಮೇಲೆ ಅದರ ಗುರುತು ಉಳಿಯುತ್ತದೆ. ಆ ಗುರುತಿನ ಮೇಲೆ ಕಟ್. 14 ಸೆಕೆಂಡ್.

3-7. ವೈಡ್, 2-4ರದೇ ಜಾಗ, ಅದೇ ಎತ್ತರ. ಬಲ್ಬ್ ಉರಿಯುತ್ತಿದೆ, ಗಿರಣಿ ನಿಂತೇ ಇದೆ. ಬೆಂಚಿನ ಮೇಲೆ ಇಬ್ಬರೂ ಕೂತಿದ್ದಾರೆ, ನಡುವೆ ರಾಗಿ ಹಿಟ್ಟಿನ ಡಬ್ಬ. ಏನೋ ಮಾತಾಡುತ್ತಿದ್ದಾರೆ, ನಮಗೆ ಕೇಳಿಸುವುದಿಲ್ಲ. ಬಾಗಿಲಲ್ಲಿ ಇನ್ನೊಬ್ಬರು ಡಬ್ಬ ಹಿಡಿದು ಬಂದು ಕಾಯುತ್ತ ನಿಲ್ಲುತ್ತಾರೆ. 15 ಸೆಕೆಂಡ್.